ಸೋಫಾ ಕೆಳಗಿನ ಹತ್ತಿ ಉಂಡೆಗಳು

ಫೆಬ್ರವರಿ ಮುಗಿಯುವ ಹೊತ್ತಿಗೆ ನಮ್ಮನೆಯ ಲ್ಯಾಬ್ರಡಾರ್ ಕೂದಲು ಉದುರಿಸಲು ಶುರುಮಾಡುತ್ತಾಳೆ. ಸೋಫಾ ಕೆಳಗೆ ಹತ್ತಿ ಉಂಡೆಗಳಂತೆ ಸೇರುವುದು ಅವಳ ಒಳಗೂದಲು. ಈ ತಳಿಗೆ ಎರಡು ಪದರ ಕೂದಲು. ಮೇಲಿನದು ಒರಟು, ನೀರನ್ನು ಜಾರಿಸುತ್ತದೆ. ಒಳಗಿನದು ಮೆತ್ತಗೆ, ದಟ್ಟ. ಇವಳ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ತಣ್ಣೀರಿನಲ್ಲಿ ಮೀನುಗಾರರ ಜೊತೆ ದುಡಿದವರು.

ಉದುರುವ ಕಾಲ ಬಂತೆಂದು ಮೈಗೆ ತಿಳಿಸುವುದರಲ್ಲಿ ಸೆಕೆಗಿಂತ ಹಗಲಿನ ಉದ್ದದ ಪಾತ್ರ ದೊಡ್ಡದು. ಹಗಲು ಬೆಳೆದಂತೆ ಮಿದುಳಿನಲ್ಲಿ ಮೆಲಟೋನಿನ್ ಹಾರ್ಮೋನು ಸ್ರವಿಸುವ ಅವಧಿ ಕಡಿಮೆಯಾಗುತ್ತದೆ. ಆಗ ಹಳೆಯ ಕೂದಲು ಕಳಚಿ ಹೊಸದು ಹುಟ್ಟುತ್ತದೆ. ಲಂಡನ್‌ನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ 8 ಗಂಟೆಗಿಂತ ಜಾಸ್ತಿ ಅಂತರ. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಅಷ್ಟೆ. ಜೊತೆಗೆ ಮನೆಯಲ್ಲಿ ರಾತ್ರಿಯಿಡೀ ಟ್ಯೂಬ್‌ಲೈಟ್. ಹಾಗಾಗಿ ಒಳಗೇ ಇರುವ ನಾಯಿ ವರ್ಷವಿಡೀ ಚೂರುಚೂರು ಉದುರಿಸುತ್ತಲೇ ಇರುತ್ತದೆ.

ಸೆಕೆಯೆಂದು ಬೋಳಿಸಬೇಡಿ. ಮೇಲಿನ ಕೂದಲು ಬಿಸಿಲಿಗೆ ಕೊಡೆಯಿದ್ದಂತೆ. ಬೋಳಿಸಿದರೆ ಕೆಲವು ನಾಯಿಗಳಲ್ಲಿ ಅದು ತಿಂಗಳುಗಟ್ಟಲೆ ಸರಿಯಾಗಿ ಬೆಳೆಯುವುದಿಲ್ಲ. ಬಾಚುವುದೇ ದಾರಿ. ಉದ್ದ ಹಲ್ಲಿನ ಬಾಚಣಿಗೆಯನ್ನು ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ತೊಡೆಯ ಹಿಂಭಾಗ, ಬಾಲದ ಬುಡ, ಕುತ್ತಿಗೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು. ಉದುರುವ ವಾರಗಳಲ್ಲಿ ದಿನಾ 10 ನಿಮಿಷ ಸಾಕು. ಚರ್ಮ ಕೆಂಪಾದರೆ ಕೈ ಭಾರವಾಗಿದೆ ಎಂದರ್ಥ. ಸ್ನಾನಕ್ಕೆ ಮೊದಲೇ ಬಾಚಿ, ಇಲ್ಲದಿದ್ದರೆ ಒದ್ದೆ ಒಳಗೂದಲು ಗಂಟು ಕಟ್ಟುತ್ತದೆ. ನಮ್ಮ ಶಾಂಪೂ ಬೇಡ, ನಾಯಿಯ ಚರ್ಮ ನಮ್ಮದರಷ್ಟು ಆಮ್ಲೀಯವಲ್ಲ.

ಊಟದ ವಿಷಯದಲ್ಲಿ ನಾವೇ ತಪ್ಪು ಮಾಡಿದ್ದೆವು. ಎರಡು ವರ್ಷ ಅವಳಿಗೆ ಬರೀ ಮೊಸರನ್ನ. ಕೂದಲು ಹೆಚ್ಚುಕಡಿಮೆ ಪೂರ್ತಿ ಪ್ರೋಟೀನು, ಅನ್ನದಲ್ಲಿ ಅದು ತೀರಾ ಕಮ್ಮಿ. ಕೂದಲು ಮಂಕಾಗಿ, ಮುಟ್ಟಿದರೆ ಒಣಹುಲ್ಲಿನಂತಿತ್ತು. ಪಶುವೈದ್ಯರು ಹೇಳಿದಂತೆ ಅನ್ನ ಅರ್ಧಕ್ಕಿಳಿಸಿ, ಬೇಯಿಸಿದ ಕೋಳಿ ಮಾಂಸ, ದಿನಕ್ಕೊಂದು ಮೊಟ್ಟೆ ಸೇರಿಸಿದೆವು. ವಾರಕ್ಕೆರಡು ಸಲ ಮುಳ್ಳು ತೆಗೆದ ಬೂತಾಯಿ ಮೀನು, ಉಪ್ಪು ಈರುಳ್ಳಿ ಇಲ್ಲದೆ. ಮೀನಿನ ಒಮೆಗಾ-3 ಚರ್ಮದ ಉರಿಯೂತ ತಗ್ಗಿಸುತ್ತದೆ. ಅಗಸೆ ಎಣ್ಣೆ ಅದಕ್ಕೆ ಪೂರ್ತಿ ಬದಲಿಯಲ್ಲ, ನಾಯಿಯ ದೇಹ ಅದರ ಸ್ವಲ್ಪ ಭಾಗವನ್ನಷ್ಟೇ ಬೇಕಾದ ರೂಪಕ್ಕೆ ತಿರುಗಿಸಬಲ್ಲದು. ಹೊಳಪು ಕಾಣಲು ಎರಡು ತಿಂಗಳು ಹಿಡಿಯಿತು, ಹೊಸ ಕೂದಲು ಬರಬೇಕಲ್ವಾ. ಉದುರುವುದು ಮಾತ್ರ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ.

ಎಷ್ಟೇ ಉದುರಿದರೂ ಚರ್ಮ ಬರಿದಾಗಿ ಕಾಣಬಾರದು. ಬೋಳು ಮಚ್ಚೆ, ಕೆರೆತ, ಹೊಟ್ಟು ಇದ್ದರೆ ಕಜ್ಜಿಹುಳ, ಚಿಗಟ ಅಥವಾ ಶಿಲೀಂಧ್ರ ಇರಬಹುದು. ಕೆರೆತವೇ ಇಲ್ಲದೆ ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ತೆಳುವಾಗಿ, ಬಾಲ ಇಲಿಬಾಲದಂತಾಗಿ, ನಾಯಿ ಸುಮ್ನೆ ಮಲಗಿ ದಪ್ಪವಾಗುತ್ತಿದ್ದರೆ ಥೈರಾಯ್ಡ್‌ಗಾಗಿ ರಕ್ತ ಪರೀಕ್ಷೆ ಮಾಡಿಸಿ.