ಹಳೆಯ ಬಾಡಿಗೆದಾರರಿಗೆ ಬಾಡಿಗೆ ಏರಿಕೆ ಪತ್ರ: ಲೆಕ್ಕ ತೋರಿಸಿ ಬರೆಯಿರಿ

ಐದಾರು ವರ್ಷ ಒಂದೇ ಬಾಡಿಗೆ ಪಡೆದು, ಆಮೇಲೆ ಒಮ್ಮೆಗೇ ‘ಮುಂದಿನ ತಿಂಗಳಿಂದ ಒಂದೂವರೆ ಸಾವಿರ ಜಾಸ್ತಿ’ ಎಂದು ಗೇಟಿನ ಹತ್ತಿರ ನಿಂತು ಹೇಳುವುದು ನಮ್ಮ ಕಡೆ ಮಾಮೂಲು. ಜಗಳ ಹುಟ್ಟುವುದೂ ಅಲ್ಲಿಯೇ. ಹೆಚ್ಚಿನವರಿಗೆ ಮೊತ್ತಕ್ಕಿಂತ ಅದು ಎಲ್ಲಿಂದ ಬಂತು ಎಂದು ತಿಳಿಯದಿರುವುದೇ ನೋವು. ಆದ್ದರಿಂದ ಪತ್ರ ಬರೆಯುವ ಮೊದಲು ಲೆಕ್ಕ ಹಾಕಬೇಕು, ಲೆಕ್ಕಕ್ಕೂ ಮೊದಲು ಕರಾರುಪತ್ರ ತೆಗೆದು ನೋಡಬೇಕು.

ತೀರ್ಥಹಳ್ಳಿಯ ಒಂದು ಹಂಚಿನ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 2020ರ ಜೂನ್‌ನಿಂದ ಒಬ್ಬ ಶಾಲಾ ಮೇಷ್ಟ್ರ ಕುಟುಂಬ ಅಲ್ಲಿದೆ. ಬಾಡಿಗೆ 6,000 ರೂಪಾಯಿ. ಹನ್ನೊಂದು ತಿಂಗಳ ಕರಾರು 2021ರ ಏಪ್ರಿಲ್‌ಗೆ ಮುಗಿಯಿತು, ಮತ್ತೆ ಬರೆಸಲಿಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಅದರಲ್ಲಿ ಹೆಸರಿಸಿದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಈ ಮನೆಯ ವಿಷಯ 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಬರುತ್ತದೆ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಿದ್ದರೆ ಆ ಕಾಯ್ದೆಯ 116ನೇ ಕಲಮಿನ ಪ್ರಕಾರ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಮುಂದುವರಿಯುವುದು ಹಳೆಯ ಬಾಡಿಗೆಗೇ. ಮಾಲೀಕರೊಬ್ಬರೇ ಪತ್ರ ಬರೆದ ಮಾತ್ರಕ್ಕೆ ಅದು ಏರುವುದಿಲ್ಲ, ಇನ್ನೊಬ್ಬರ ಒಪ್ಪಿಗೆ ಬೇಕು. ನಾವು ‘ನೋಟಿಸ್’ ಎಂದು ಕರೆದರೂ ಇದು ಒಂದು ಪ್ರಸ್ತಾಪ. ಪತ್ರದ ವಿನಯ ಬರೀ ಸೌಜನ್ಯವಲ್ಲ, ಒಪ್ಪಿಗೆ ಕೇಳುವವರ ಧಾಟಿಯೇ ಅದು.

ಹಳೆಯ ಕರಾರಿನಲ್ಲಿ ‘ಪ್ರತಿ ಹನ್ನೊಂದು ತಿಂಗಳಿಗೆ ಶೇ. 5 ಏರಿಕೆ’ ಎಂದು ಬರೆದಿದ್ದೂ ಇರಬಹುದು. ಅಷ್ಟೂ ವರ್ಷ ತಕರಾರಿಲ್ಲದೆ 6,000ವನ್ನೇ ಪಡೆದವರು ಈಗ ಹಿಂದಿನ ವ್ಯತ್ಯಾಸವನ್ನು ಬಾಕಿ ಎಂದು ಕೇಳಬಾರದು. ಆ ಹಕ್ಕನ್ನು ನೀವೇ ಬಿಟ್ಟಿರಿ ಎಂದು ಎದುರಿನವರು ವಾದಿಸಬಹುದು, ಮನಸ್ತಾಪವಂತೂ ಖಂಡಿತ. ಆ ಶೇ. 5ನ್ನು ಅಳತೆಗೋಲಾಗಿ ಮಾತ್ರ ಬಳಸಿ.

ಈಗ ಲೆಕ್ಕ. 6,000ಕ್ಕೆ ವರ್ಷಕ್ಕೆ ಶೇ. 5ರಂತೆ ಆರು ವರ್ಷ ಸೇರಿಸುತ್ತ ಹೋದರೆ 2026ರ ಜೂನ್‌ಗೆ ಸುಮಾರು 8,040 ಆಗುತ್ತದೆ. ಇದನ್ನು ಗರಿಷ್ಠ ಎಂದಿಟ್ಟುಕೊಳ್ಳಿ. ಎರಡನೆಯದು ಅಕ್ಕಪಕ್ಕದ ಬಾಡಿಗೆ. ಹಂಚಿನ ಮನೆಯನ್ನು ಹಂಚಿನ ಮನೆಗೇ ಹೋಲಿಸಬೇಕು, ಹೊಸ ಆರ್‌ಸಿಸಿ ಮನೆಗಲ್ಲ. ಅಷ್ಟೇ ಕೋಣೆ, ಬಾವಿ ಅಥವಾ ನಲ್ಲಿ, ವಾಹನ ನಿಲ್ಲಿಸಲು ಜಾಗ ಇರುವ ಮೂರು ಮನೆಗಳನ್ನು ವಿಚಾರಿಸಿದಾಗ 7,500ರಿಂದ 8,500 ಇದೆ ಎಂದುಕೊಳ್ಳೋಣ. ಮೂರನೆಯದು ಮನೆಗೆ ಹಾಕಿದ ಹಣ.

ಮಲೆನಾಡಿನಲ್ಲಿ ಎಲ್ಲರೂ ಎಡವುವುದು ಈ ಮೂರನೆಯದರಲ್ಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವುದು, ಒಡೆದ ಹಂಚು ಬದಲಿಸುವುದು, ಪಾಚಿ ತೆಗೆಸುವುದು ಮನೆಯನ್ನು ಮೊದಲಿದ್ದಂತೆ ಉಳಿಸುವ ವಾರ್ಷಿಕ ಖರ್ಚು, ಅದು ಮೊದಲಿನ ಬಾಡಿಗೆಯಲ್ಲೇ ಸೇರಿದೆ. ಅದನ್ನು ಏರಿಕೆಗೆ ಕಾರಣ ಎಂದು ಬರೆದರೆ, ‘ಹೋದ ವರ್ಷವೂ ಅಡುಗೆಮನೆ ಸೋರಿತ್ತಲ್ಲ’ ಎಂಬ ಉತ್ತರ ಬರುತ್ತದೆ, ಮತ್ತು ಅದು ನ್ಯಾಯವೇ. ಗೆದ್ದಲು ಹಿಡಿದ ಪಕಾಸು, ರೀಪುಗಳನ್ನು ಪೂರ್ತಿ ತೆಗೆಸಿ ಹೊಸ ಮರ ಹಾಕಿಸಿದ್ದರೆ, ಬಚ್ಚಲಿಗೆ ಟೈಲ್ಸ್ ಕೂರಿಸಿದ್ದರೆ ಅದು ಬೇರೆ. ಅದು ಹಲವು ವರ್ಷ ಬಾಳುವ ಸುಧಾರಣೆ. ಈ ಮನೆಗೆ ಅಂಥ ಕೆಲಸಕ್ಕೆ 48,000 ಆಗಿದ್ದು, ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 400. ಪತ್ರದಲ್ಲಿ ಈ 400 ಕಾಣಬೇಕೇ ಹೊರತು 48,000ವನ್ನು ಎರಡು ವರ್ಷದಲ್ಲಿ ವಸೂಲು ಮಾಡುವ ಆತುರ ಕಾಣಬಾರದು.

ಮನೆ ಕಂದಾಯ ಏರಿದ್ದರೆ ಹಳೆಯ, ಹೊಸ ರಸೀದಿಗಳ ವ್ಯತ್ಯಾಸವನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಇಲ್ಲಿ ತಿಂಗಳಿಗೆ 50 ಎನ್ನೋಣ. ಕರೆಂಟಿನ ಮಾತು ಎತ್ತಲೇಬೇಡಿ, ಪ್ರತ್ಯೇಕ ಮೀಟರ್ ಇದ್ದರೆ ಮೆಸ್ಕಾಂ ಬಿಲ್ಲು ಅವರದೇ. ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂತು, ಸೈಟಿನ ದರ ಏರಿತು ಎಂಬುದೂ ಕಾರಣವಲ್ಲ. ಸೈಟಿನ ಬೆಲೆ ಏರಿದರೆ ಲಾಭ ಮಾಲೀಕರಿಗೆ, ಬಾಡಿಗೆದಾರರಿಗೆ ಸಿಗುವ ಮನೆ ಮೊದಲಿನದೇ.

ಎಲ್ಲ ನೋಡಿದರೆ 7,500 ಸಮರ್ಥಿಸಿಕೊಳ್ಳಬಹುದಾದ ಮೊತ್ತ. ಶೇ. 25ರ ಏರಿಕೆ ಒಮ್ಮೆಗೇ ಭಾರವಾದ್ದರಿಂದ ಎರಡು ಹಂತ ಮಾಡುವುದು ಒಳ್ಳೆಯದು. ಜೊತೆಗೆ ಅಡ್ವಾನ್ಸ್ ಹೆಚ್ಚಿಸಿ ಎಂದು ಕೇಳಬೇಡಿ. ಪತ್ರ ಹೀಗಿರಬಹುದು:

‘ದಿನಾಂಕ: 15-03-2026

ಮೇಷ್ಟ್ರಿಗೆ ನಮಸ್ಕಾರಗಳು. 2020ರ ಜೂನ್‌ನಿಂದ ತಾವು ನಮ್ಮ ಮನೆಯಲ್ಲಿದ್ದೀರಿ. ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ, ಮನೆಯನ್ನೂ ಚೆನ್ನಾಗಿ ನೋಡಿಕೊಂಡಿದ್ದೀರಿ. ಈ ಆರು ವರ್ಷ ಬಾಡಿಗೆ 6,000 ರೂಪಾಯಿಯಲ್ಲೇ ಇದೆ. ಕಳೆದ ಬೇಸಿಗೆಯಲ್ಲಿ ಪಕಾಸು, ರೀಪು ಮತ್ತು ಬಚ್ಚಲ ಕೆಲಸಕ್ಕೆ 48,000 ಖರ್ಚಾಗಿದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 400. ಕಂದಾಯದ ಏರಿಕೆ ತಿಂಗಳಿಗೆ 50. ಉಳಿದ 1,050 ಆರು ವರ್ಷಗಳ ಬೆಲೆ ಏರಿಕೆಗೆ. ಇಂಥದೇ ಮನೆಗಳಿಗೆ ನಮ್ಮ ಬೀದಿಯಲ್ಲಿ 7,500ರಿಂದ 8,500 ಇದೆ. ಆದ್ದರಿಂದ 01-06-2026ರಿಂದ 6,800, 01-06-2027ರಿಂದ 7,500 ರೂಪಾಯಿ ಮಾಡಬೇಕೆಂದು ಕೋರುತ್ತೇನೆ. 2028ರ ಮೇ ಕೊನೆಯವರೆಗೆ ಬೇರೆ ಏರಿಕೆ ಇರುವುದಿಲ್ಲ. ಅಡ್ವಾನ್ಸ್ ಹಾಗೆಯೇ ಇರಲಿ. ರಸೀದಿಗಳನ್ನು ಯಾವಾಗ ಬೇಕಾದರೂ ನೋಡಬಹುದು. ಏಪ್ರಿಲ್ 15ರೊಳಗೆ ತಮ್ಮ ಅಭಿಪ್ರಾಯ ತಿಳಿಸಿದರೆ ಕೂತು ಮಾತಾಡೋಣ.’

ಮಾರ್ಚ್‌ನಲ್ಲೇ ಕೊಡುವುದಕ್ಕೆ ಕಾರಣವಿದೆ. ಒಪ್ಪಿಗೆಯಾಗದಿದ್ದರೆ ಬೇರೆ ಮನೆ ಹುಡುಕಲು ಬೇಸಿಗೆ ರಜೆ ಸಿಗುತ್ತದೆ. ಜೂನ್ ಮಧ್ಯದಲ್ಲಿ ಕೊಟ್ಟರೆ ಶಾಲೆ ಶುರುವಾಗಿರುತ್ತದೆ, ಮಳೆಯಲ್ಲಿ ಸಾಮಾನು ಸಾಗಿಸುವುದು ಯಾರಿಗೂ ಬೇಡ. ಎರಡು ಪ್ರತಿ ಮಾಡಿ, ಒಂದನ್ನು ಕೈಗೆ ಕೊಟ್ಟು ಇನ್ನೊಂದರ ಮೇಲೆ ‘ತಲುಪಿದೆ’ ಎಂದು ದಿನಾಂಕ ಸಹಿತ ಸಹಿ ಪಡೆಯಿರಿ. ‘ಒಪ್ಪಿದೆ’ ಎಂದು ಆಗಲೇ ಬರೆಸಿಕೊಳ್ಳಲು ಒತ್ತಾಯಿಸಬೇಡಿ.

‘ಒಪ್ಪದಿದ್ದರೆ ಜೂನ್ ಒಂದಕ್ಕೆ ಖಾಲಿ ಮಾಡಿ’ ಎಂಬ ಸಾಲನ್ನು ಇದರಲ್ಲಿ ತುರುಕಬೇಡಿ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಮಿನಡಿ ಹದಿನೈದು ದಿನಗಳ ಲಿಖಿತ ನೋಟಿಸ್ ಬೇರೆಯೇ ಇದೆ. ಎರಡನ್ನೂ ಬೆರೆಸಿದರೆ ಬಾಡಿಗೆ ಕೇಳಿದಿರೋ, ಮನೆ ಬಿಡಿಸಿದಿರೋ ಎಂಬ ಗೊಂದಲ ಕೋರ್ಟಿನವರೆಗೂ ಹೋಗುತ್ತದೆ. ನೀರು ನಿಲ್ಲಿಸುವುದು, ಬೀಗ ಹಾಕುವುದು ಯಾವ ಹಂತದಲ್ಲೂ ಸಲ್ಲದು.

ಜೂನ್‌ನಲ್ಲಿ ಹಳೆಯ 6,000ವೇ ಖಾತೆಗೆ ಬಂದರೆ ಸುಮ್ಮನಿರಬೇಡಿ. ಮೌನ ಹಳೆಯ ಬಾಡಿಗೆಗೇ ಒಪ್ಪಿದಂತೆ ಕಾಣುತ್ತದೆ. ಅದೇ ದಿನ, ‘6,000 ತಲುಪಿದೆ, ಪರಿಷ್ಕರಣೆಯ ಮಾತು ಇನ್ನೂ ಮುಗಿದಿಲ್ಲ’ ಎಂದು ಬರೆದು ಕಳಿಸಿ. ಅವರು 6,500 ಮತ್ತು 7,200ಕ್ಕೆ ಒಪ್ಪುತ್ತೇನೆ ಎಂದರೆ ನನ್ನ ಸಲಹೆ, ಒಪ್ಪಿಕೊಳ್ಳಿ. ಎರಡು ವರ್ಷದಲ್ಲಿ ಬಿಟ್ಟುಕೊಡುವುದು 7,200 ರೂಪಾಯಿ, ಅಂದರೆ ಒಂದು ತಿಂಗಳ ಬಾಡಿಗೆಯಷ್ಟು. ಹೊಸಬರು ಬರುವ ತನಕ ಮನೆ ಒಂದೇ ತಿಂಗಳು ಖಾಲಿ ಬಿದ್ದರೂ ಅಷ್ಟು ಹೋಗುತ್ತದೆ, ಸುಣ್ಣಬಣ್ಣದ ಖರ್ಚು ಬೇರೆ. ಒಪ್ಪಿದ ಮೊತ್ತವನ್ನು ಹೊಸ ಹನ್ನೊಂದು ತಿಂಗಳ ಕರಾರಿಗೆ ಇಳಿಸಿ ಇಬ್ಬರೂ ಸಹಿ ಹಾಕಿ. ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಕಡ್ಡಾಯ ಎಂಬುದು ನೆನಪಿರಲಿ.