ನೋಟಿಸ್ ಬಂತು, ಆದರೆ ತಡವಾಗಿ: ಹೊಸ ದಿನಾಂಕ ಕೇಳುವ ಅರ್ಜಿಯ ಬಗ್ಗೆ ನನ್ನ ಟಿಪ್ಪಣಿ

ತುಮಕೂರಿನಲ್ಲಿ ಒಬ್ಬ ವಕೀಲರ ಕಚೇರಿಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಿದ್ದೇನೆ. ಡ್ರಾಫ್ಟಿಂಗ್ ಕಲಿಯಲಿ ಅಂತ ಸೀನಿಯರ್ ಒಂದು ಕಲ್ಪಿತ ಕೇಸ್ ಕೊಟ್ಟರು. ಎರಡು ಸಲ ಬರೆದೆ, ಎರಡು ಸಲವೂ ವಾಪಸ್ ಬಂತು. ಮೂರನೆಯದು ನಿಂತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕೇಸ್ ಹೀಗಿದೆ. ಪಾವಗಡ ತಾಲ್ಲೂಕಿನ ಹಳ್ಳಿಯ ಒಬ್ಬರದು ಒಂದು ಟೆಂಪೊ. ಅದು ತುಮಕೂರಿನ ಒಬ್ಬ ಬೈಕ್ ಸವಾರನಿಗೆ ಗುದ್ದಿದೆ. ಸವಾರ ತುಮಕೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ, ಅಂದರೆ ಎಂಎಸಿಟಿಯಲ್ಲಿ, ಅರ್ಜಿ ಹಾಕಿದ್ದಾನೆ. ಟೆಂಪೊ ಮಾಲೀಕ ಒಂದನೇ ಎದುರುದಾರ, ವಿಮಾ ಕಂಪನಿ ಎರಡನೇ ಎದುರುದಾರ. ಮಾಲೀಕನಿಗೆ ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಅಕ್ನಾಲೆಜ್‌ಮೆಂಟ್ ಕಾರ್ಡ್ ಲಗತ್ತಿಸಿತ್ತು.

ತಾರೀಖುಗಳು ಇವು. ನೋಟಿಸ್ ಅಂಚೆಗೆ ಬಿದ್ದದ್ದು 2025ರ ಮಾರ್ಚ್ 3, ಸೋಮವಾರ. ಮಾಲೀಕನ ಕೈಗೆ ಸಿಕ್ಕಿದ್ದು ಮಾರ್ಚ್ 8, ಶನಿವಾರ ಮಧ್ಯಾಹ್ನ 3 ಗಂಟೆಗೆ. ಹಾಜರಾಗಬೇಕಿದ್ದದ್ದು ಮಾರ್ಚ್ 10, ಸೋಮವಾರ ಬೆಳಿಗ್ಗೆ 11ಕ್ಕೆ. ನಡುವೆ ಇದ್ದದ್ದು ಒಂದು ಭಾನುವಾರ, ಅಷ್ಟೇ. ಸೋಮವಾರ ಅವರು ಬರಲಿಲ್ಲ. ಎದುರುಕಡೆ ವಕೀಲರು ಅಂಚೆಯ ಟ್ರ್ಯಾಕಿಂಗ್ ಪ್ರಿಂಟ್ ಹಾಜರುಪಡಿಸಿದರು, ಅದರಲ್ಲಿ ‘ಡೆಲಿವರಿ ಆಗಿದೆ’ ಅಂತಿತ್ತು. ನ್ಯಾಯಮಂಡಳಿ ಮಾಲೀಕನನ್ನು ಎಕ್ಸ್‌ಪಾರ್ಟಿ ಮಾಡಿ, ಅಂದರೆ ಅವರಿಲ್ಲದೆ ಏಕಪಕ್ಷೀಯವಾಗಿ ವಿಚಾರಣೆ ನಡೆಸಲು ಆದೇಶಿಸಿ, ಅರ್ಜಿದಾರನ ಸಾಕ್ಷ್ಯಕ್ಕೆ ಏಪ್ರಿಲ್ 7ಕ್ಕೆ ಇಟ್ಟಿತು.

ಈಗ ಮಾಲೀಕನಿಗಾಗಿ ಅರ್ಜಿ ಬರೆಯಬೇಕು.

ನಾನು ಎಡವಿದ್ದು ಇಲ್ಲಿ

ಮೊದಲ ಕರಡಿನಲ್ಲಿ ನಾನು ಬರೆದದ್ದು: ‘ಎದುರುದಾರನಿಗೆ ನೋಟಿಸ್ ಸರಿಯಾಗಿ ಜಾರಿಯಾಗಿಲ್ಲ.’ ಸೀನಿಯರ್ ಆ ಸಾಲಿಗೆ ಗೀಟು ಎಳೆದು, “ಜಾರಿಯಾಗಿದೆಯಲ್ಲಪ್ಪಾ, ಅವನೇ ಸಹಿ ಹಾಕಿದ್ದಾನೆ” ಅಂದರು.

ನನ್ನ ತಲೆಯಲ್ಲಿ ಎರಡೇ ಖಾನೆ ಇದ್ದವು. ನೋಟಿಸ್ ಬಂತು, ಅಥವಾ ಬರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9, ರೂಲ್ 6ರಲ್ಲಿ ಮೂರು ಖಾನೆ ಇವೆ. ಅರ್ಜಿದಾರ ಬಂದು ಎದುರುದಾರ ಬರದಿದ್ದರೆ, ಮೊದಲು ನೋಡಬೇಕಾದ್ದು ನೋಟಿಸ್ ಏನಾಯಿತು ಅನ್ನೋದನ್ನ. ಸರಿಯಾಗಿ ಜಾರಿಯಾಗಿದ್ದರೆ ಎಕ್ಸ್‌ಪಾರ್ಟಿ ಮಾಡಬಹುದು. ಜಾರಿಯೇ ಆಗದಿದ್ದರೆ ಇನ್ನೊಮ್ಮೆ ನೋಟಿಸ್ ಕಳಿಸಬೇಕು. ಮೂರನೆಯದು ನಮ್ಮದು: ಜಾರಿಯಾಗಿದೆ, ಆದರೆ ಹಾಜರಾಗಿ ಉತ್ತರ ಕೊಡಲು ಸಾಕಷ್ಟು ಸಮಯ ಇರಲಿಲ್ಲ. ಆಗ ವಿಚಾರಣೆಯನ್ನು ಮುಂದಿನ ದಿನಕ್ಕೆ ಹಾಕಿ, ಆ ದಿನವನ್ನು ಎದುರುದಾರನಿಗೆ ತಿಳಿಸಬೇಕು. ಇಲ್ಲಿ ‘ಬೇಕು’ ಅನ್ನೋದು ಕಾನೂನಿನದ್ದೇ ಮಾತು, ದಯೆ ಅಲ್ಲ. ಕರ್ನಾಟಕ ಮೋಟಾರು ವಾಹನ ನಿಯಮಗಳು, 1989 ಆರ್ಡರ್ 9ನ್ನು ಎಂಎಸಿಟಿಗೂ ಅನ್ವಯಿಸುತ್ತವೆ, ಹಾಗಾಗಿ ಇದು ಇಲ್ಲಿ ನಡೆಯುತ್ತದೆ.

ಇದು ಗೊತ್ತಾದ ಮೇಲೆ ಇಡೀ ಅರ್ಜಿ ತಿರುಗಿ ನಿಂತಿತು. ನೋಟಿಸ್ ಬಂದಿಲ್ಲ ಅಂತ ತೋರಿಸಲು ಹೋದರೆ ‘ಡೆಲಿವರಿ ಆಗಿದೆ’ ಅನ್ನೋ ಟ್ರ್ಯಾಕಿಂಗ್ ಪ್ರಿಂಟ್ ನಮಗೆ ಶತ್ರು. ತಡವಾಗಿ ಬಂತು ಅಂತ ಹೇಳಿದರೆ ಅದೇ ಪ್ರಿಂಟ್ ನಮ್ಮ ಮೊದಲ ಸಾಕ್ಷಿ. ಯಾಕಂದ್ರೆ ‘ಡೆಲಿವರಿ’ ಅನ್ನೋ ಪದದ ಪಕ್ಕದಲ್ಲೇ ಮಾರ್ಚ್ 8, ಸಮಯ 3 ಗಂಟೆ ಅಂತ ಇದೆ. ಸೋಮವಾರ ಎಲ್ಲರೂ ಪದ ಓದಿದರು, ತಾರೀಖು ಓದಲಿಲ್ಲ.

ಅಂಚೆ ದಾಖಲೆ ಯಾಕೆ ಬೇಕೇ ಬೇಕು

ಮಾಲೀಕ ಪ್ರಮಾಣ ಮಾಡಿ ಹೇಳಿದರೆ ಸಾಲದೇ ಅಂತ ಕೇಳಿದೆ. ಸಾಲದು. ಜನರಲ್ ಕ್ಲಾಸಸ್ ಆಕ್ಟ್, 1897ರ ಸೆಕ್ಷನ್ 27 ಅಡ್ಡ ಬರುತ್ತದೆ. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ ರಿಜಿಸ್ಟರ್ಡ್ ಅಂಚೆಗೆ ಹಾಕಿದ ಪತ್ರ ಜಾರಿಯಾಯಿತು ಅಂತಲೇ ಕಾನೂನು ಊಹಿಸುತ್ತದೆ. ಯಾವಾಗ? ಅಂಚೆ ಮಾಮೂಲಿಯಾಗಿ ಎಷ್ಟು ದಿನಕ್ಕೆ ತಲುಪುತ್ತದೋ ಆ ಹೊತ್ತಿಗೆ. ನಮ್ಮ ಕೇಸಿನಲ್ಲಿ ಪತ್ರ ಹಾಕಿದ್ದು 3ಕ್ಕೆ. ಏನೂ ದಾಖಲೆ ಕೊಡದಿದ್ದರೆ, 5 ಅಥವಾ 6ಕ್ಕೆ ಸಿಕ್ಕಿರಬೇಕು, ನಾಲ್ಕು ದಿನ ಟೈಮ್ ಇತ್ತಲ್ಲ ಅಂತ ಎದುರುಕಡೆಯವರು ಹೇಳಬಹುದು. ಆದರೆ ಅದೇ ಸೆಕ್ಷನ್ ‘ಬೇರೆ ಥರ ಸಾಬೀತಾಗದ ಹೊರತು’ ಅಂತಲೂ ಹೇಳುತ್ತದೆ. ಆ ಸಾಬೀತು ಮಾಡುವ ಹೊರೆ ನಮ್ಮ ಮೇಲೆ.

ಇನ್ನು ಮುದ್ರೆಗಳ ವಿಷಯ. ಇದರಲ್ಲಿ ನಾನು ಅರ್ಧ ದಿನ ಕಳೆದೆ, ಅದಕ್ಕೇ ಜಾಸ್ತಿ ಬರೆಯುತ್ತೇನೆ.

ಲಕೋಟೆ ಮೇಲೆ ದುಂಡು ಮುದ್ರೆ ಒಂದೇ ಅಲ್ಲ. ಮುಂಭಾಗದಲ್ಲಿರುವುದು ಸಾಮಾನ್ಯವಾಗಿ ಪತ್ರ ಬುಕ್ ಆದ ಕಚೇರಿಯದು. ಅಲ್ಲಿ ತುಮಕೂರು, 3.3.2025 ಅಂತ ಇರುತ್ತದೆ. ನಾನು ಮೊದಲು ಇದನ್ನೇ ದೊಡ್ಡ ಸಾಕ್ಷಿ ಅಂದುಕೊಂಡೆ. ಇದು ಸಾಬೀತು ಮಾಡುವುದು ಪತ್ರ ಯಾವಾಗ ಹೊರಟಿತು ಅನ್ನೋದನ್ನ ಮಾತ್ರ. ಹಿಂಭಾಗದಲ್ಲಿ ವಿತರಣೆ ಮಾಡುವ ಅಂಚೆ ಕಚೇರಿಯ ಮುದ್ರೆ ಇರಬಹುದು. ಅದು ಪತ್ರ ಆ ಕಚೇರಿಗೆ ಬಂದ ದಿನ. ಮನೆಗೆ ಬಂದ ದಿನ ಅದೇ ಆಗಬೇಕಿಲ್ಲ. ನಮ್ಮ ಕೇಸಿನಲ್ಲಿ ಹಿಂದಿನ ಮುದ್ರೆ 7ನೇ ತಾರೀಖಿನದು, ಕೈಗೆ ಸಿಕ್ಕಿದ್ದು 8ಕ್ಕೆ. ಎರಡನೇ ಕರಡಿನಲ್ಲಿ ನಾನು ‘7ರಂದು ತಲುಪಿತು’ ಅಂತ ಬರೆದು ನಮ್ಮ ಕಕ್ಷಿದಾರನ ಒಂದು ದಿನವನ್ನು ನಾನೇ ತಿಂದುಹಾಕಿದೆ!

ಕೈಗೆ ಸಿಕ್ಕ ದಿನಕ್ಕೆ ಎರಡು ದಾಖಲೆ ಇವೆ. ಒಂದು ಟ್ರ್ಯಾಕಿಂಗ್. ಅಂಚೆ ಇಲಾಖೆಯ ಸೈಟಿನಲ್ಲಿ ಲಕೋಟೆಯ ಮೇಲಿನ ಹದಿಮೂರು ಅಕ್ಷರ-ಅಂಕಿಯ ನಂಬರ್ ಹಾಕಿದರೆ ಸಿಗುತ್ತದೆ. ಇದು ಅಲ್ಲಿ ಸದಾ ಇರುವುದಿಲ್ಲ, ಸ್ವಲ್ಪ ಕಾಲದ ಮೇಲೆ ಮಾಯವಾಗುತ್ತದೆ. ಸಿಕ್ಕ ದಿನವೇ ಪ್ರಿಂಟ್ ತೆಗೆಯಿರಿ. ಇನ್ನೊಂದು ಅಕ್ನಾಲೆಜ್‌ಮೆಂಟ್ ಕಾರ್ಡ್. ಅದನ್ನು ಹುಡುಕಿಕೊಂಡು ಪಾವಗಡಕ್ಕೆ ಹೋಗಬೇಕಾಗಿಲ್ಲ. ಸಹಿ ಆದ ಮೇಲೆ ಆ ಕಾರ್ಡ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ, ಅಂದರೆ ಈಗ ಅದು ಇರುವುದು ನ್ಯಾಯಮಂಡಳಿಯ ಕಡತದಲ್ಲೇ. ಮಾರ್ಚ್ 10ಕ್ಕೆ ಬಂದಿರಲಿಲ್ಲ, ಆಮೇಲೆ ಬಂದು ಸೇರಿರುತ್ತದೆ. ಅರ್ಜಿಯಲ್ಲಿ ‘ಕಡತದಲ್ಲಿರುವ ಸ್ವೀಕೃತಿ ಕಾರ್ಡನ್ನು ಪರಿಶೀಲಿಸಬೇಕು’ ಅಂತ ಒಂದು ಸಾಲು ಸೇರಿಸಿದರೆ ಆಯಿತು. ಆದರೆ ಮೊದಲು ಕಡತ ನೋಡಿ ಕಾರ್ಡಿನಲ್ಲಿ ತಾರೀಖು ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಜನ ಸಹಿ ಹಾಕಿ ತಾರೀಖು ಬಿಡುತ್ತಾರೆ. ಎರಡೂ ಕೈಕೊಟ್ಟರೆ, ವಿತರಣಾ ಕಚೇರಿಯ ಪೋಸ್ಟ್‌ಮಾಸ್ಟರಿಗೆ ನಂಬರ್ ಕೊಟ್ಟು ಡೆಲಿವರಿ ದಿನವನ್ನು ಬರವಣಿಗೆಯಲ್ಲಿ ಕೇಳಬೇಕು.

ನಾನೀಗ ಮಾಡುವುದು ಸುಮ್ನೆ ಒಂದು ಗೆರೆ. ಹಾಳೆಯ ಮೇಲೆ ಅಡ್ಡಗೆರೆ ಎಳೆದು ನಾಲ್ಕು ಚುಕ್ಕೆ: ಹೊರಟ ದಿನ, ಅಂಚೆ ಕಚೇರಿಗೆ ಬಂದ ದಿನ, ಕೈಗೆ ಸಿಕ್ಕ ದಿನ, ಹಾಜರಿ ದಿನ. ಪ್ರತಿ ಚುಕ್ಕೆಯ ಕೆಳಗೆ ಅದನ್ನು ತೋರಿಸುವ ಕಾಗದದ ಹೆಸರು. ವಾದ ಇರುವುದು ಕೊನೆಯ ಎರಡು ಚುಕ್ಕೆಗಳ ನಡುವೆ ಮಾತ್ರ. ಕಾಗದ ಇಲ್ಲದ ಚುಕ್ಕೆ ಇದ್ದರೆ ಅರ್ಜಿ ಇನ್ನೂ ತಯಾರಾಗಿಲ್ಲ ಅಂತ ಅರ್ಥ.

ಕೈಗೆ ಸಿಕ್ಕ ದಿನ ಅಂದರೆ ಯಾರ ಕೈ? ಮಾಲೀಕ ಊರಲ್ಲಿಲ್ಲದೆ ಅವರ ತಾಯಿ ಸಹಿ ಹಾಕಿದ್ದರೂ ಆ ದಿನವೇ ಲೆಕ್ಕ ಅಂತ ಹಿಡಿದುಕೊಂಡೇ ಹೊರಡಬೇಕು. ಮನೆಯ ವಯಸ್ಕರಿಗೆ ಜಾರಿ ಮಾಡಲು ಆರ್ಡರ್ 5ರಲ್ಲೇ ದಾರಿ ಇದೆ. ಟ್ರ್ಯಾಕಿಂಗ್‌ನಲ್ಲಿ ಡೆಲಿವರಿಗೆ ಮೊದಲು ‘ಬಾಗಿಲು ಬೀಗ’ ಅಂತ ಸಾಲಿದ್ದರೂ ಹುಷಾರು. ಪೋಸ್ಟ್‌ಮ್ಯಾನ್ 7ಕ್ಕೇ ಬಂದು ಚೀಟಿ ಬಿಟ್ಟು ಹೋಗಿದ್ದರೆ, ತಡ ಅಂಚೆಯದಲ್ಲ, ನಿಮ್ಮದು ಅಂತಾರೆ. ಅದಕ್ಕೆ ಉತ್ತರವನ್ನು ಅಫಿಡವಿಟ್‌ನಲ್ಲಿ ನಾವೇ ಮೊದಲು ಹೇಳಬೇಕು.

ಯಾವ ರೂಲ್

ಎಕ್ಸ್‌ಪಾರ್ಟಿ ಆದೇಶ ಈಗಾಗಲೇ ಆಗಿರುವುದರಿಂದ ಅರ್ಜಿ ಹಾಕುವುದು ಅದೇ ಆರ್ಡರ್ 9ರ ರೂಲ್ 7ರ ಕೆಳಗೆ. ಮುಂದಿನ ವಿಚಾರಣೆಯ ದಿನ ಅಥವಾ ಅದಕ್ಕೂ ಮೊದಲು ಬಂದು, ಹಿಂದೆ ಬಾರದಿದ್ದಕ್ಕೆ ಒಳ್ಳೆಯ ಕಾರಣ ಕೊಟ್ಟರೆ, ಮೊದಲ ದಿನವೇ ಹಾಜರಾದಂತೆ ಅವರ ಮಾತು ಕೇಳಬಹುದು. ರೂಲ್ 6ರ ಮೂರನೇ ಖಾನೆಯೇ ಆ ಒಳ್ಳೆಯ ಕಾರಣ.

ಅರ್ಜಿ ಹಾಕದೆ ಏಪ್ರಿಲ್ 7ಕ್ಕೆ ಸುಮ್ನೆ ಹೋಗಿ ನಿಂತರೆ? ಸಂಗ್ರಾಮ್ ಸಿಂಗ್ ವಿರುದ್ಧ ಎಲೆಕ್ಷನ್ ಟ್ರಿಬ್ಯೂನಲ್, ಕೋಟಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1955ರಲ್ಲೇ ಇದನ್ನು ಹೇಳಿದೆ. ಎಕ್ಸ್‌ಪಾರ್ಟಿ ಆದವರನ್ನು ಹೊರಗೆ ಹಾಕುವಂತಿಲ್ಲ, ಅಂದಿನಿಂದ ಮುಂದಕ್ಕೆ ಅವರು ಭಾಗವಹಿಸಬಹುದು. ಆದರೆ ಆಗಿ ಹೋದದ್ದನ್ನು ಹಿಂದಕ್ಕೆ ತಿರುಗಿಸಬೇಕಾದರೆ ರೂಲ್ 7ರ ಅರ್ಜಿ ಬೇಕು.

ಅಫಿಡವಿಟ್‌ನ ಹೂರಣ

ನಿಂತ ಕರಡಿನ ಮುಖ್ಯ ಭಾಗ ಇದು:

‘ಸದರಿ ನೋಟಿಸನ್ನು ದಿನಾಂಕ 3.3.2025ರಂದು ಅಂಚೆಗೆ ಹಾಕಲಾಗಿದ್ದು, ನನಗೆ ದಿನಾಂಕ 8.3.2025ರ ಶನಿವಾರ ಮಧ್ಯಾಹ್ನ 3 ಗಂಟೆಗೆ ತಲುಪಿರುತ್ತದೆ. ಮರುದಿನ ಭಾನುವಾರ. ನನ್ನ ಊರು ಪಾವಗಡ ತಾಲ್ಲೂಕಿನಲ್ಲಿದ್ದು, ತುಮಕೂರಿನಿಂದ ಸುಮಾರು 100 ಕಿಲೋಮೀಟರ್ ದೂರವಿದೆ. 10.3.2025ರ ಬೆಳಿಗ್ಗೆ 11 ಗಂಟೆಯೊಳಗೆ ವಕೀಲರನ್ನು ನೇಮಿಸಿ, ವಾಹನದ ದಾಖಲೆಗಳೊಂದಿಗೆ ಹಾಜರಾಗಲು ನನಗೆ ಸಾಧ್ಯವಾಗಲಿಲ್ಲ. ದಿನಾಂಕ 12.3.2025ರಂದು ವಕೀಲರನ್ನು ಭೇಟಿಯಾದಾಗ ಏಕಪಕ್ಷೀಯ ಆದೇಶದ ವಿಷಯ ತಿಳಿಯಿತು. ಲಕೋಟೆ ಮತ್ತು ಟ್ರ್ಯಾಕಿಂಗ್ ಪ್ರತಿಯನ್ನು ಲಗತ್ತಿಸಿದ್ದೇನೆ.’

ನಾನು ಇದಕ್ಕೆ ‘ಅಲ್ಲದೆ ನನಗೆ ಜ್ವರವೂ ಇತ್ತು’ ಅಂತ ಸೇರಿಸಿದ್ದೆ. ಗಟ್ಟಿಯಾಗಲಿ ಅಂತ. ಸೀನಿಯರ್ ಹೊಡೆದುಹಾಕಿದರು. ಜ್ವರಕ್ಕೆ ಕಾಗದ ಇಲ್ಲ. ಅದರ ಮೇಲೆ ಪಾಟಿ ಸವಾಲು ಶುರುವಾದರೆ ಕಾಗದ ಇರುವ ಕಾರಣವೂ ಸುಳ್ಳಿನಂತೆ ಕಾಣುತ್ತದೆ. 12ನೇ ತಾರೀಖಿನ ಸಾಲು ಮಾತ್ರ ಬಿಡಬಾರದು. ನೋಟಿಸ್ ತಡವಾಗಿ ಬಂದದ್ದು 10ಕ್ಕೆ ಬಾರದಿದ್ದಕ್ಕೆ ಉತ್ತರ, ಆಮೇಲೆ ಏನು ಮಾಡಿದಿರಿ ಅನ್ನೋದಕ್ಕೆ ಅಲ್ಲ.

ಕೋರಿಕೆಯಲ್ಲಿ ಎರಡನ್ನೂ ಕೇಳಬೇಕು: 10ರ ಏಕಪಕ್ಷೀಯ ಆದೇಶ ರದ್ದು, ಮತ್ತು ಆಕ್ಷೇಪಣೆ ಸಲ್ಲಿಸಲು ಹೊಸ ದಿನ. ಆಕ್ಷೇಪಣೆಯನ್ನು ಅವತ್ತೇ ಜೊತೆಗೆ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಟೈಮ್ ಎಳೆಯಲು ಬಂದಿದ್ದಾರೆ ಅಂತ ಹೇಳಲು ಎದುರುಕಡೆಗೆ ಜಾಗ ಉಳಿಯುವುದಿಲ್ಲ.

ಏಪ್ರಿಲ್ 7 ತಪ್ಪಿ, ಸಾಕ್ಷ್ಯ ಮುಗಿದು ಪರಿಹಾರದ ತೀರ್ಪೇ ಆಗಿಬಿಟ್ಟರೆ ರೂಲ್ 7 ನಡೆಯುವುದಿಲ್ಲ. ಆಗ ರೂಲ್ 13, ತೀರ್ಪಿನಿಂದ 30 ದಿನದ ಲೆಕ್ಕ. ಅಲ್ಲಿ ಇನ್ನೊಂದು ತೊಡಕಿದೆ. ದಿನಾಂಕ ಗೊತ್ತಿತ್ತು, ಬರಲು ಸಾಕಷ್ಟು ಸಮಯವೂ ಇತ್ತು ಅಂತ ಕಂಡರೆ, ಜಾರಿಯಲ್ಲಿ ಲೋಪ ಇದೆ ಅನ್ನೋ ಒಂದೇ ಕಾರಣಕ್ಕೆ ತೀರ್ಪು ರದ್ದಾಗುವುದಿಲ್ಲ. ಮಾರ್ಚ್ 12ಕ್ಕೇ ವಿಷಯ ತಿಳಿದವರು ತೀರ್ಪಿನವರೆಗೆ ಸುಮ್ಮನಿದ್ದರೆ, 8ನೇ ತಾರೀಖಿನ ಟ್ರ್ಯಾಕಿಂಗ್ ಪ್ರಿಂಟ್ ಆಗ ಹೆಚ್ಚು ದೂರ ಎಳೆಯಲಾರದು.