ಡೇಟಾ ಸೋರಿಕೆಯ ಪತ್ರದಲ್ಲಿ ಓದಬೇಕಾದ ಸಾಲು

ಕಂಪನಿಯಿಂದ ‘ನಿಮ್ಮ ಮಾಹಿತಿ ಸೋರಿಕೆಯಾಗಿರಬಹುದು’ ಎಂಬ ಇಮೇಲ್ ಬಂದಾಗ ಹೆಚ್ಚಿನವರು ಮೊದಲ ಪ್ಯಾರಾದ ವಿಷಾದವನ್ನೂ ಕೊನೆಯ ಪ್ಯಾರಾದ ಸಲಹೆಯನ್ನೂ ಓದಿ ಬಿಟ್ಟುಬಿಡುತ್ತಾರೆ. ಮುಖ್ಯವಾದ ಸಾಲು ನಡುವೆ ಎಲ್ಲೋ ಇರುತ್ತದೆ: ಯಾವ ಯಾವ ಮಾಹಿತಿ ಹೋಗಿದೆ ಎಂಬ ಪಟ್ಟಿ. ನೀವು ಏನು ಮಾಡಬೇಕು ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ.

ಹಾಸನದಲ್ಲಿ ನನ್ನ ಬಳಿ ಬಂದ ಸಕಲೇಶಪುರದ ನಿವೃತ್ತ ಮೇಷ್ಟ್ರೊಬ್ಬರ ಪತ್ರವನ್ನೇ ನೋಡೋಣ. ಅವರು ಹಿಂದೆ ಸಾಲ ಪಡೆದಿದ್ದ ಒಂದು ಫೈನಾನ್ಸ್ ಕಂಪನಿಯ ಪತ್ರ ಅದು. ಹೆಸರು, ವಿಳಾಸ, ಮೊಬೈಲ್ ನಂಬರ್, ಹುಟ್ಟಿದ ದಿನಾಂಕ, ಪ್ಯಾನ್, ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ, ಗೂಢ ರೂಪದಲ್ಲಿದ್ದ ಪಾಸ್‌ವರ್ಡ್, ಇಷ್ಟು ಹೋಗಿತ್ತು. ಕಾರ್ಡ್ ವಿವರ ಹೋಗಿರಲಿಲ್ಲ. ಆದರೆ ಮೇಷ್ಟ್ರು ಬ್ಯಾಂಕಿಗೆ ಹೋಗಿ ಎಟಿಎಂ ಕಾರ್ಡ್ ಬದಲಾಯಿಸಿ, ಕಂಪನಿಯ ಆ್ಯಪ್ ಅಳಿಸಿ ಬಂದಿದ್ದರು. ‘ಇನ್ನೇನೂ ಭಯ ಇಲ್ವಲ್ಲ ಸಾರ್?’ ಎಂದು ಕೇಳಿದರು. ಈ ಎರಡರಿಂದ ಅವರಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಆ್ಯಪ್ ಅಳಿಸಿದರೆ ಫೋನಿನಲ್ಲಿರುವುದು ಹೋಗುತ್ತದೆ, ಕಂಪನಿಯ ಸರ್ವರಿನಿಂದ ಕಳವಾದದ್ದು ವಾಪಸ್ ಬರುವುದಿಲ್ಲ.

ಪಾಸ್‌ವರ್ಡ್ ವಿಷಯ ಬೇಗ ಮುಗಿಯುತ್ತದೆ. ಗೂಢ ರೂಪದಲ್ಲಿದ್ದರೂ ಸುಲಭದ ಪಾಸ್‌ವರ್ಡನ್ನು ಊಹಿಸಿ ತೆಗೆಯಬಹುದು. ಅದನ್ನೇ ಬೇರೆ ಕಡೆಯೂ ಇಟ್ಟಿದ್ದರೆ ಮೊದಲು ಬದಲಾಯಿಸಬೇಕಾದದ್ದು ಇಮೇಲ್‌ನದು, ಏಕೆಂದರೆ ಉಳಿದ ಅನೇಕ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಲಿಂಕ್ ಬರುವುದು ಅಲ್ಲಿಗೇ. ಇಮೇಲ್‌ಗೆ ಎರಡು ಹಂತದ ದೃಢೀಕರಣವನ್ನೂ ಹಾಕಿ. ಪತ್ರದೊಳಗಿನ ಲಿಂಕ್ ಮಾತ್ರ ಒತ್ತಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ನಿಜವಾದ ಸೋರಿಕೆಯ ಸುದ್ದಿ ಹಬ್ಬಿದಾಗ ಅದೇ ಕಂಪನಿಯ ಹೆಸರಿನಲ್ಲಿ ನಕಲಿ ಪತ್ರಗಳೂ ಬರುತ್ತವೆ.

ಪ್ಯಾನ್ ಮತ್ತು ಹುಟ್ಟಿದ ದಿನಾಂಕವನ್ನು ಪಾಸ್‌ವರ್ಡಿನಂತೆ ಬದಲಾಯಿಸಲಾಗುವುದಿಲ್ಲ. ನನಗೆ ಕಾಳಜಿ ಇರುವುದು ಇಲ್ಲಿ. ಇವೆರಡರ ಜೊತೆ ವಿಳಾಸವೂ ಸಿಕ್ಕರೆ ನಿಮ್ಮ ಹೆಸರಿನಲ್ಲಿ ಆನ್‌ಲೈನ್ ಸಾಲಕ್ಕೆ ಅರ್ಜಿ ಹಾಕುವ ಪ್ರಯತ್ನ ನಡೆಯಬಹುದು. ಅದು ನಾಳೆಯೇ ಆಗಬೇಕಿಲ್ಲ, ಆರು ತಿಂಗಳ ನಂತರವೂ ಆಗಬಹುದು. ಅದನ್ನು ಕಂಡುಹಿಡಿಯಲು ಇರುವ ದಾರಿ ಕ್ರೆಡಿಟ್ ವರದಿ, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲ ಮತ್ತು ಸಾಲದ ಅರ್ಜಿಗಳ ದಾಖಲೆ. ನಮ್ಮಲ್ಲಿ ಇದನ್ನು ಕೊಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಕೊಡಲೇಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ವರದಿಯಲ್ಲಿ ಸ್ಕೋರ್ ಮಾತ್ರ ನೋಡಿ ಮುಚ್ಚಬೇಡಿ. ‘ಎನ್‌ಕ್ವೈರಿ’ ಎಂಬ ಭಾಗಕ್ಕೆ ಹೋಗಿ. ಯಾವ ಬ್ಯಾಂಕ್ ಅಥವಾ ಫೈನಾನ್ಸ್ ಸಂಸ್ಥೆ ಯಾವ ದಿನ ನಿಮ್ಮ ವಿವರ ಕೇಳಿತು ಎಂಬುದು ಅಲ್ಲಿರುತ್ತದೆ. ಸಾಲ ಮಂಜೂರಾಗುವ ಮೊದಲೇ ಅರ್ಜಿಯ ಗುರುತು ಅಲ್ಲಿ ಬೀಳುತ್ತದೆ. ಮೇಷ್ಟ್ರ ವರದಿಯಲ್ಲಿ ಅವರು ಹೆಸರೇ ಕೇಳದ ಒಂದು ಸಂಸ್ಥೆಯ ವಿಚಾರಣೆ ಇತ್ತು. ಸಾಲ ಇನ್ನೂ ಕೊಟ್ಟಿರಲಿಲ್ಲ. ‘ಈ ಅರ್ಜಿ ನನ್ನದಲ್ಲ’ ಎಂದು ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆದೆವು, ಕ್ರೆಡಿಟ್ ಸಂಸ್ಥೆಯಲ್ಲಿ ತಕರಾರು ದಾಖಲಿಸಿದೆವು, cybercrime.gov.in ನಲ್ಲಿ ದೂರು ಕೊಟ್ಟೆವು. ಅರ್ಜಿ ಅಲ್ಲಿಗೇ ನಿಂತಿತು. ಇಂಥ ತಕರಾರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಹಣವೇ ಹೋಗಿದ್ದರೆ ಮಾತ್ರ ಕಾಯದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಬೇಕು.

ಈ ನಡುವೆ ಮೇಷ್ಟ್ರಿಗೆ ಒಂದು ಕರೆಯೂ ಬಂತು. ಅತ್ತಲಿನವನು ಅವರ ಹುಟ್ಟಿದ ದಿನಾಂಕ, ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ ಎಲ್ಲವನ್ನೂ ಸರಿಯಾಗಿ ಹೇಳಿ, ‘ಸೋರಿಕೆಗೆ ಪರಿಹಾರ ಕೊಡ್ತಿದ್ದೀವಿ, ಒಟಿಪಿ ಹೇಳಿ’ ಎಂದ. ನಮ್ಮ ವಿವರ ಗೊತ್ತಿರುವವನು ಕಂಪನಿಯವನೇ ಇರಬೇಕು ಎಂದು ಅನ್ನಿಸುವುದು ಸಹಜ. ಸೋರಿಕೆಯಾದ ಮೇಲೆ ಆ ಗುರುತಿಗೆ ಬೆಲೆ ಇಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದನ್ನು ಅವರಿಗೆ ಕೂತು ಹೇಳಿ.

ಪಟ್ಟಿಯಲ್ಲಿ ಆಧಾರ್ ಇದ್ದರೆ ಬಯೋಮೆಟ್ರಿಕ್ ಲಾಕ್ ಹಾಕಬಹುದು. ಯುಐಡಿಎಐ ಜಾಲತಾಣದಲ್ಲಿ ಇದು ಉಚಿತ. ನಂಬರ್ ಒಂದರಿಂದಲೇ ಹಣ ತೆಗೆಯಲಾಗದು, ಆದರೆ ನಕಲಿ ಬೆರಳಚ್ಚಿನಿಂದ ಆಧಾರ್ ಮೂಲಕ ಹಣ ತೆಗೆಯುವ ವಂಚನೆಯನ್ನು ಈ ಲಾಕ್ ತಡೆಯುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವವರು ಹೋಗುವ ಮೊದಲು ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು.

ಕಂಪನಿಯ ಇಮೇಲನ್ನು ಅಳಿಸಬೇಡಿ. ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದಿಡಿ. ಮುಂದೆ ಯಾವುದಾದರೂ ಸಂಸ್ಥೆ ನೀವು ಪಡೆಯದ ಸಾಲದ ಕಂತು ಕೇಳಿದರೆ, ಆ ಅರ್ಜಿಗೂ ಮೊದಲೇ ನಿಮ್ಮ ಪ್ಯಾನ್ ಬೇರೆಯವರ ಕೈ ಸೇರಿತ್ತು ಎನ್ನಲು ತಕರಾರಿನ ಜೊತೆ ಲಗತ್ತಿಸಬೇಕಾದ ಕಾಗದ ಅದೇ.